ದೊಡ್ಡಪ್ಪ ಕೊಟ್ಟ ‘ಆವರಣ’

ಹೋದ ದೀಪಾವಳಿಗೆ ಊರಿಗೆ ಹೋದಾಗ ದೊಡ್ಡಪ್ಪ ನನ್ನ ಕೈಗೆ ಎಸ್.ಎಲ್. ಭೈರಪ್ಪನವರ ‘ಆವರಣ’ ಇಟ್ಟರು. ಹಳೇ ಪ್ರತಿ, ಬೈಂಡು ಬಿಟ್ಟಿತ್ತು, ಪುಟಪುಟಕ್ಕೂ ಪೆನ್ಸಿಲ್ ಗೆರೆ. “ಇದನ್ನ ಓದು ಕಣೋ. ನಿಮ್ಮ ಸ್ಕೂಲ್ ಪುಸ್ತಕದಲ್ಲಿ ಮುಚ್ಚಿಟ್ಟಿದ್ದೆಲ್ಲ ಇದರಲ್ಲಿದೆ” ಅಂದರು. ಬೆಂಗಳೂರಿಗೆ ವಾಪಸ್ ಬಂದು ಬ್ಯಾಗಿಂದ ಪುಸ್ತಕ ತೆಗೆದಾಗ ರೂಂಮೇಟ್ ನೋಡಿ ನಕ್ಕ. “ಅಯ್ಯೋ, ಅದು ಬರೀ ಪ್ರಚಾರ ಮಾರಾಯ. ಓದಿ ಟೈಮ್ ವೇಸ್ಟ್ ಮಾಡ್ಬೇಡ.” ನೀನು ಓದಿದ್ದೀಯಾ ಅಂತ ಕೇಳಿದೆ. ಓದಿರಲಿಲ್ಲ.

ದೊಡ್ಡಪ್ಪ ಓದಿದ್ದರು, ಆದರೆ ಒಂದು ಸಾಲನ್ನೂ ಅನುಮಾನಿಸಿರಲಿಲ್ಲ. ಗೆಳೆಯ ಓದದೆಯೇ ಪೂರ್ತಿ ಅನುಮಾನಿಸಿದ್ದ. ನನಗೆ ಇಬ್ಬರೂ ಬೇಕಾದವರು. ಯುಗಾದಿಗೆ ಮತ್ತೆ ಊರಿಗೆ ಹೋಗಬೇಕು, “ಓದಿದ್ಯಾ, ಏನನ್ನಿಸ್ತು?” ಅಂತ ದೊಡ್ಡಪ್ಪ ಕೇಳೇ ಕೇಳ್ತಾರೆ. “ಚೆನ್ನಾಗಿದೆ” ಅಂದರೂ ಸುಳ್ಳು, “ಪ್ರಚಾರ” ಅಂದರೂ ಸುಳ್ಳು ಅನ್ನುವ ಸ್ಥಿತಿ ಬರಬಾರದು ಅಂತ ಈ ಸಲ ಸ್ವಲ್ಪ ನಿಧಾನವಾಗಿ ಓದಿದೆ.

ಓದದವರಿಗಾಗಿ ಕಥೆ ಎರಡು ಮಾತಿನಲ್ಲಿ. 2007ರಲ್ಲಿ ಬಂದ ಕಾದಂಬರಿ ಇದು. ಲಕ್ಷ್ಮಿ ಸಿನಿಮಾ ಕಲಿತ ಹುಡುಗಿ. ಅಮೀರ್‌ನನ್ನು ಪ್ರೀತಿಸಿ, ಮತ ಬದಲಿಸಿ, ರಜಿಯಾ ಆಗಿ ಮದುವೆಯಾಗುತ್ತಾಳೆ. ಗಾಂಧಿವಾದಿ ಅಪ್ಪ ಸಂಬಂಧ ಕಡಿದುಕೊಳ್ಳುತ್ತಾನೆ. ಅಪ್ಪ ತೀರಿಕೊಂಡ ಮೇಲೆ ಊರಿಗೆ ಬಂದಾಗ, ಆತ ವರ್ಷಗಟ್ಟಲೆ ಕೂತು ಇತಿಹಾಸ ಓದಿ ಟಿಪ್ಪಣಿ ಮಾಡಿಟ್ಟ ಪುಸ್ತಕಗಳ ರಾಶಿ ಸಿಗುತ್ತದೆ. ಅದನ್ನು ಓದುತ್ತಾ ಅವಳೇ ಔರಂಗಜೇಬನ ಕಾಲದ ಒಂದು ಕಾದಂಬರಿ ಬರೆಯುತ್ತಾಳೆ. ಸೆರೆಸಿಕ್ಕ ಒಬ್ಬ ರಜಪೂತ ರಾಜಕುಮಾರನನ್ನು ಮತಾಂತರಿಸಿ, ನಪುಂಸಕನನ್ನಾಗಿ ಮಾಡಿ, ಜನಾನದ ಸೇವೆಗೆ ಹಾಕುವ ಕಥೆ ಅದು. ಕಾಶಿ ವಿಶ್ವನಾಥ ದೇವಾಲಯ ಒಡೆದ ಪ್ರಸಂಗ ಅದರೊಳಗೆ ಬರುತ್ತದೆ. ಮುಸ್ಲಿಂ ಆಳ್ವಿಕೆಯ ಕಾಲದ ಹಿಂಸೆಯನ್ನು ನಮ್ಮ ಬುದ್ಧಿಜೀವಿಗಳು ಬೇಕೆಂದೇ ಮುಚ್ಚಿಟ್ಟಿದ್ದಾರೆ ಅನ್ನುವುದು ಲೇಖಕರ ಮಾತು. ಅದನ್ನು ಅವರೇನೂ ಗುಟ್ಟಾಗಿಟ್ಟಿಲ್ಲ.

ಶೀರ್ಷಿಕೆ ವೇದಾಂತದ ಮಾತು. ಮಾಯೆಗೆ ಎರಡು ಶಕ್ತಿ ಅಂತಾರೆ: ಇದ್ದದ್ದನ್ನು ಮುಚ್ಚುವುದು ಆವರಣ, ಇಲ್ಲದ್ದನ್ನು ಕಾಣಿಸುವುದು ವಿಕ್ಷೇಪ. ಹಗ್ಗ ಕಾಣದಿರುವುದು ಒಂದು, ಅಲ್ಲಿ ಹಾವು ಕಾಣುವುದು ಇನ್ನೊಂದು. ಭೈರಪ್ಪನವರು ಈ ಅಳತೆಗೋಲನ್ನು ಇತಿಹಾಸಕಾರರ ಮೇಲೆ ಇಟ್ಟಿದ್ದಾರೆ. ಅದೇ ಕೋಲನ್ನು ಕಾದಂಬರಿಯ ಮೇಲೂ ಇಟ್ಟು ನೋಡೋಣ ಅನ್ನಿಸಿತು. ಇದು ಏನನ್ನು ತೆರೆದು ತೋರಿಸುತ್ತದೆ, ಏನನ್ನು ತಾನೇ ಮುಚ್ಚುತ್ತದೆ, ಇಲ್ಲದ್ದೇನನ್ನು ಕಾಣಿಸುತ್ತದೆ?

ಕಾಶಿಯ ಪ್ರಸಂಗವನ್ನೇ ತೆಗೆದುಕೊಂಡೆ. ಅಲ್ಲಿ ಮೂರು ಬಗೆಯ ಮಾತು ಒಂದಕ್ಕೊಂದು ಹೆಣೆದುಕೊಂಡಿವೆ. ದೇವಾಲಯ ಒಡೆದರು ಅನ್ನುವುದು ಘಟನೆ. ಮತದ ಕಾರಣಕ್ಕೇ ಒಡೆದರು ಅನ್ನುವುದು ಕಾರಣ. ಆದ್ದರಿಂದ ಇವತ್ತು ನಾವು ಹೀಗೆ ಯೋಚಿಸಬೇಕು ಅನ್ನುವುದು ತೀರ್ಪು. ಕಥೆಯ ಓಟದಲ್ಲಿ ಮೂರೂ ಒಟ್ಟಿಗೇ ಗಂಟಲಲ್ಲಿ ಇಳಿದುಬಿಡುತ್ತವೆ. ಬಿಡಿಸಿದರೆ ಮಾತ್ರ ಪ್ರತಿಯೊಂದರ ತೂಕ ಗೊತ್ತಾಗುವುದು.

ಘಟನೆ ಗಟ್ಟಿ. ‘ಮಆಸಿರ್-ಇ-ಆಲಂಗೀರಿ’ ಅನ್ನುವ ಪರ್ಷಿಯನ್ ಗ್ರಂಥವನ್ನು ಬರೆದವನು ಸಾಕಿ ಮುಸ್ತಾಯಿದ್ ಖಾನ್. ಔರಂಗಜೇಬನ ಶತ್ರುವಲ್ಲ, ಅವನದೇ ಆಸ್ಥಾನದಲ್ಲಿ ಕೆಲಸ ಮಾಡಿದವನು. 1669ರ ಏಪ್ರಿಲ್‌ನಲ್ಲಿ ಆಜ್ಞೆ ಹೊರಟದ್ದು, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕಾಶಿ ವಿಶ್ವನಾಥ ದೇವಾಲಯ ಕೆಡವಿದ ಸುದ್ದಿ ದರ್ಬಾರಿಗೆ ಮುಟ್ಟಿದ್ದು ಎರಡೂ ಅದರಲ್ಲಿವೆ. ಇದನ್ನು ಇಂಗ್ಲಿಷಿಗೆ ತಂದವರು ಜದುನಾಥ ಸರ್ಕಾರ್. “ಎಲ್ಲಾ ಕಟ್ಟುಕಥೆ” ಅನ್ನುವ ನನ್ನ ರೂಂಮೇಟ್ ಇಲ್ಲಿಗೇ ಸೋತ.

ಕಾರಣಕ್ಕೆ ಬಂದರೆ ದಾರಿ ಕವಲೊಡೆಯುತ್ತದೆ. ಅದೇ ಗ್ರಂಥ ಹೇಳುವ ಕಾರಣ ಮತದ್ದೇ: ಕಾಶಿಯ ಬ್ರಾಹ್ಮಣರು ಪಾಠಶಾಲೆಗಳಲ್ಲಿ ತಮ್ಮ ಗ್ರಂಥಗಳನ್ನು ಹೇಳಿಕೊಡುತ್ತಾರೆ, ಮುಸ್ಲಿಮರೂ ಬಂದು ಕಲಿಯುತ್ತಾರೆ ಅನ್ನುವ ದೂರು. ಇದು ಭೈರಪ್ಪನವರ ಕಡೆಯ ತಕ್ಕಡಿಗೆ ಬೀಳುವ ತೂಕ. ಆದರೆ ಆ ಗ್ರಂಥ ಬರೆದು ಮುಗಿದದ್ದು 1707ರಲ್ಲಿ ಔರಂಗಜೇಬ್ ತೀರಿಕೊಂಡ ಮೇಲೆ. ಹತ್ತು ವರ್ಷ ಹಿಂದೆ, 1659ರಲ್ಲಿ, ಇದೇ ಔರಂಗಜೇಬನ ಹೆಸರಿನಲ್ಲಿ ಇದೇ ಕಾಶಿಗೆ ಒಂದು ಫರ್ಮಾನು ಹೋಗಿತ್ತು. ಹಳೆಯ ದೇವಾಲಯಗಳನ್ನು ಕೆಡವಬಾರದು, ಹೊಸದು ಕಟ್ಟಬಾರದು, ಅಲ್ಲಿಯ ಬ್ರಾಹ್ಮಣರಿಗೆ ಕಿರುಕುಳ ಕೊಡಬಾರದು ಅಂತ. ಹಾಗಾದರೆ ನಡುವೆ ಏನು ಬದಲಾಯಿತು? 1666ರಲ್ಲಿ ಶಿವಾಜಿ ಆಗ್ರಾದಿಂದ ತಪ್ಪಿಸಿಕೊಂಡ. 1669ರಲ್ಲಿ ಮಥುರೆಯ ಸುತ್ತ ಜಾಟರು ದಂಗೆ ಎದ್ದರು. ರಿಚರ್ಡ್ ಈಟನ್ ಅನ್ನುವ ಇತಿಹಾಸಕಾರರ ವಾದ ಏನೆಂದರೆ, ಒಡೆದದ್ದು ಹೆಚ್ಚಾಗಿ ಬಂಡೆದ್ದವರ ಆಶ್ರಯದಲ್ಲಿದ್ದ ದೇವಾಲಯಗಳನ್ನು, ಅದು ರಾಜಕೀಯ ಶಿಕ್ಷೆ.

ಈಟನ್ ಮಾತನ್ನೂ ಪೂರ್ತಿ ನುಂಗಬೇಕಾಗಿಲ್ಲ. ಶಿಕ್ಷೆಗೆ ದೇವರ ಗುಡಿಯನ್ನೇ ಆರಿಸಿಕೊಂಡದ್ದು ಯಾಕೆ ಅನ್ನುವ ಪ್ರಶ್ನೆ ಉಳಿದೇ ಉಳಿಯುತ್ತದೆ. ಆದರೆ ಕಾರಣ ಒಂದೇ ಅಲ್ಲದಿರಬಹುದು ಅನ್ನುವ ವಾದ ಇದೆಯಲ್ಲ, ಅದು ಕಾದಂಬರಿ ಓದುವಾಗ ನನ್ನನ್ನು ಒಂದು ಸಲವೂ ನಿಲ್ಲಿಸಿ ಯೋಚಿಸುವಂತೆ ಮಾಡಲಿಲ್ಲ. ಮುಚ್ಚಿದ್ದನ್ನು ತೆರೆಯಲು ಹೊರಟ ಪುಸ್ತಕ ಇಲ್ಲಿ ತಾನೂ ಒಂದು ಮುಸುಕು ಹೊದಿಸಿತು ಅನ್ನಿಸಿತು.

ಇನ್ನೊಂದು ಪರೀಕ್ಷೆಗೆ ಇತಿಹಾಸದ ಪುಸ್ತಕವೂ ಬೇಡ, ಕಾದಂಬರಿಯೊಂದೇ ಸಾಕು. ಲೇಖಕ ತನಗೆ ಒಪ್ಪದ ಮಾತನ್ನು ಯಾರ ಬಾಯಲ್ಲಿ ಆಡಿಸುತ್ತಾನೆ ಅಂತ ನೋಡುವುದು. ‘ಆವರಣ’ದಲ್ಲಿ ಆ ಕೆಲಸ ಪ್ರೊಫೆಸರ್ ಶಾಸ್ತ್ರಿಯದು. ಪ್ರಗತಿಪರ, ಪ್ರಶಸ್ತಿ ಕಮಿಟಿಗಳ ಮನುಷ್ಯ. ಹೇಳುವುದೊಂದು, ಬದುಕುವುದೊಂದು. ಅಂಥವರು ಇಲ್ಲವೇ? ಇದ್ದಾರೆ, ನೀವೂ ನೋಡಿರ್ತೀರಿ. ಆದರೆ ಶಾಸ್ತ್ರಿ ಕಪಟಿ ಅಂತ ತೋರಿಸಿದ ಮಾತ್ರಕ್ಕೆ ಶಾಸ್ತ್ರಿಯ ವಾದ ಸುಳ್ಳಾಗುವುದಿಲ್ಲ. ಸಿಗರೇಟು ಸೇದುವ ಡಾಕ್ಟರು “ಸಿಗರೇಟು ಕೆಟ್ಟದ್ದು” ಅಂದರೆ ಅದು ಸುಳ್ಳಾಗುತ್ತದೆಯೇ? ಕಥೆಯಲ್ಲಿ ಮನುಷ್ಯ ಸೋತಾಗ ನಮಗೆ ಗೊತ್ತಿಲ್ಲದೆಯೇ ಅವನ ವಾದವೂ ಸೋತಿತು ಅನ್ನಿಸಿಬಿಡುತ್ತದೆ. ವಿಕ್ಷೇಪ ಇಲ್ಲಿ ಕೆಲಸ ಮಾಡುತ್ತದೆ. ಆ ಪುಟಗಳಲ್ಲಿ ನಾನು ಮಾಡಿದ್ದು ಇಷ್ಟೆ: ಇದೇ ಮಾತನ್ನು ಒಬ್ಬ ಪ್ರಾಮಾಣಿಕ ಮನುಷ್ಯ ಹೇಳಿದ್ದರೆ ಲಕ್ಷ್ಮಿ ಏನು ಉತ್ತರ ಕೊಡುತ್ತಿದ್ದಳು ಅಂತ ಕೇಳಿಕೊಂಡೆ. ಕೆಲವು ಕಡೆ ಅವಳ ಬಳಿ ಉತ್ತರ ಇತ್ತು. ಕೆಲವು ಕಡೆ ಇರಲಿಲ್ಲ.

ಇದು ಭೈರಪ್ಪನವರಿಗೆ ಬರದ ವಿದ್ಯೆಯೇನಲ್ಲ. 1965ರ ‘ವಂಶವೃಕ್ಷ’ ನೋಡಿ. ವಂಶಶುದ್ಧಿ, ಧರ್ಮ ಅಂತ ಬದುಕಿದ ಶ್ರೀನಿವಾಸ ಶ್ರೋತ್ರಿಗಳ ಮೇಲೆ ಲೇಖಕರಿಗೆ ಎಷ್ಟು ಗೌರವ ಅನ್ನುವುದು ಎದ್ದು ಕಾಣುತ್ತದೆ. ಆದರೂ ಕೊನೆಯಲ್ಲಿ ಅವರ ಹುಟ್ಟಿನ ಗುಟ್ಟನ್ನೇ ಅವರ ಮುಂದೆ ತಂದಿಟ್ಟು, ಅವರು ನಂಬಿದ ವಂಶದ ಬುಡವನ್ನೇ ಅಲ್ಲಾಡಿಸುತ್ತಾರೆ. ವಿಧವೆ ಕಾತ್ಯಾಯನಿ ಮರುಮದುವೆಯಾಗಿ ಕಷ್ಟಪಟ್ಟು ಸಾಯುವುದರಲ್ಲಿ ಲೇಖಕರ ಕೈವಾಡ ಇದೆ ಅಂತ ಜಗಳ ಆಡಬಹುದು, ನಾನೂ ಆಡಿದ್ದೇನೆ. ಆದರೆ ಲೇಖಕರು ತಾವು ಮೆಚ್ಚಿದವರನ್ನೂ ಅಲ್ಲಿ ಬಿಡಲಿಲ್ಲ. ‘ಆವರಣ’ದಲ್ಲಿ ಅಂಥ ಪೆಟ್ಟು ಲಕ್ಷ್ಮಿಯ ಅಪ್ಪನ ಟಿಪ್ಪಣಿಗಳಿಗೆ ಬೀಳಲೇ ಇಲ್ಲ. ಆ ಟಿಪ್ಪಣಿಗಳಲ್ಲಿ ಒಂದಾದರೂ ತಪ್ಪಿತ್ತು ಅಂತ ಮಗಳು ಕಂಡುಕೊಂಡಿದ್ದರೆ ನಾನು ಉಳಿದದ್ದನ್ನು ಇನ್ನಷ್ಟು ನಂಬುತ್ತಿದ್ದೆ.

ಕಾದಂಬರಿಯೊಳಗೆ ಆಧಾರಗ್ರಂಥಗಳ ಪಟ್ಟಿ ಇದೆ. ದೊಡ್ಡಪ್ಪನಿಗೆ ಅದೇ ದೊಡ್ಡ ಸಾಕ್ಷಿ. ಪಟ್ಟಿ ಕೊಟ್ಟದ್ದು ಪ್ರಾಮಾಣಿಕ ಕೆಲಸ, ಬೇಕಾದವರು ಹೋಗಿ ನೋಡಬಹುದು. ಆದರೆ ಪಟ್ಟಿ ಹೊರುವುದು ಘಟನೆಯ ಭಾರವನ್ನು ಮಾತ್ರ. ಆ ರಾಜಕುಮಾರನ ಒಳಸಂಕಟ ಕಲ್ಪನೆ. ಅಂದಿನ ಬಾದಷಹನ ಕೆಲಸಕ್ಕೂ ಇಂದು ನನ್ನ ಆಫೀಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು ಟಿಫನ್ ಹಂಚಿಕೊಳ್ಳುವವನಿಗೂ ಏನು ಸಂಬಂಧ ಅನ್ನುವ ತೀರ್ಪಿಗೆ ಯಾವ ಪಟ್ಟಿಯೂ ಆಧಾರ ಆಗಲಾರದು. ಹಳೆಯ ತಪ್ಪನ್ನು ತಪ್ಪು ಅಂತ ಎಲ್ಲರೂ ಒಪ್ಪಬೇಕು ಅನ್ನುವವರೆಗೆ ನಾನು ಲೇಖಕರ ಜೊತೆ ನಡೆದೆ. ಒಪ್ಪಲಿಲ್ಲ ಅಂತ ಇವತ್ತಿನವರನ್ನು ಅನುಮಾನದಿಂದ ನೋಡು ಅನ್ನುವ ದನಿ ಕೇಳಿಸಿದ ಕಡೆ ನಿಂತೆ.

ಇಷ್ಟೆಲ್ಲ ಮಾಡಿ ನಾನು ಬಹಳ ನ್ಯಾಯವಂತ ಅಂದುಕೊಳ್ಳುತ್ತಿದ್ದಾಗ ಶೆಲ್ಫಿನಲ್ಲಿದ್ದ ‘ಚಿರಸ್ಮರಣೆ’ ಕಣ್ಣಿಗೆ ಬಿತ್ತು. ನಿರಂಜನರ ಆ ಕಾದಂಬರಿ ಕಯ್ಯೂರಿನ ರೈತರ ಹೋರಾಟದ್ದು. 1941ರ ಮಾರ್ಚ್‌ನಲ್ಲಿ ಅಲ್ಲಿ ಒಬ್ಬ ಪೊಲೀಸಿನವನು ಹೊಳೆಯಲ್ಲಿ ಸತ್ತ. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದರು. ಇಂಜಿನಿಯರಿಂಗ್ ಓದುವಾಗ ಹಾಸ್ಟೆಲಿನಲ್ಲಿ ಅದನ್ನು ಓದಿ ಅತ್ತಿದ್ದೆ. ಸತ್ತ ಪೊಲೀಸಿನವನ ಮನೆಯಲ್ಲಿ ಯಾರಿದ್ದರು ಅಂತ ಒಂದು ಸಲವೂ ಕೇಳಿಕೊಂಡಿರಲಿಲ್ಲ. ಜಮೀನ್ದಾರರಿಗೆ ಒಂದಾದರೂ ಒಳ್ಳೆಯ ವಾದ ಸಿಕ್ಕಿದೆಯೇ ಅಂತ ನೋಡಿರಲಿಲ್ಲ. ‘ಆವರಣ’ಕ್ಕೆ ಇಟ್ಟ ಕೋಲನ್ನು ಅದಕ್ಕೆ ಇಟ್ಟಿರಲೇ ಇಲ್ಲ, ಯಾಕೆಂದರೆ ಅದು ಹೇಳುವುದು ನನಗೆ ಮೊದಲೇ ಒಪ್ಪಿಗೆಯಾಗಿತ್ತು. ದೊಡ್ಡಪ್ಪನ ಪೆನ್ಸಿಲ್ ಗೆರೆಗಳನ್ನು ನೋಡಿ ನಕ್ಕವನು ನಾನೇ, ನನ್ನ ಪ್ರತಿಯಲ್ಲೂ ಅಂಥವೇ ಗೆರೆಗಳು.

ಯುಗಾದಿಗೆ ಹೋದೆ. ಒಬ್ಬಟ್ಟು ತಿಂದು ಜಗಲಿ ಮೇಲೆ ಕೂತಾಗ ದೊಡ್ಡಪ್ಪ ಕೇಳಿದರು. “ಕಾಶಿ ವಿಷಯ ನಿಜ ದೊಡ್ಡಪ್ಪ, ನಾನು ಹುಡುಕಿ ನೋಡಿದೆ. ಆದ್ರೆ 1659ರ ಫರ್ಮಾನು ಅಂತ ಒಂದಿದೆ, ಅದರ ವಿಷಯ ನೀವು ಕೇಳಿದ್ದೀರಾ?” ಅಂದೆ. ಸುಮ್ಮನಾದರು. ಸ್ವಲ್ಪ ಹೊತ್ತು ಬಿಟ್ಟು, “ಎಲ್ಲಿದೆ ಅದು?” ಅಂದರು. ಹೇಳಿದೆ. ಸಿಟ್ಟಾಗಲಿಲ್ಲ, ಒಪ್ಪಲೂ ಇಲ್ಲ. “ಸರಿ, ನಿನ್ನ ಕಡೆಯದ್ದು ಒಂದು ಪುಸ್ತಕ ಕೊಡು, ನಾನೂ ನೋಡ್ತೀನಿ” ಅಂದರು.

‘ಚಿರಸ್ಮರಣೆ’ ಕೊಟ್ಟು ಬಂದಿದ್ದೇನೆ, ಜೊತೆಗೆ ಒಂದು ಪೆನ್ಸಿಲ್ಲೂ. ಅನುಮಾನ ಬಂದ ಕಡೆ ಮಾತ್ರ ಗೆರೆ ಹಾಕಿ ಅಂತ ಹೇಳಿದ್ದೇನೆ.