ಅವ್ವನ ಕಾಯಿಲೆಗೆ ಮಗಳು ಯಾಕೆ ರಾಜೀನಾಮೆ ಕೊಡಬೇಕು?

ನಮ್ಮ ಊರುಗಳಿಂದ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ಅಪ್ಪನಿಗೋ ಅವ್ವನಿಗೋ ದೊಡ್ಡ ಕಾಯಿಲೆ ಅಂತ ರಜೆ ಕೇಳಿದರೆ, ಎಚ್.ಆರ್. ಕಡೆಯಿಂದ ಬರುವ ಮಾತು ಇದು: "ಈಗ ರಿಸೈನ್ ಮಾಡಮ್ಮ, ಎಲ್ಲ ಸರಿಹೋದ ಮೇಲೆ ಬಾ, ಮತ್ತೆ ತಗೋತೀವಿ." ಕೇಳಲು ಕನಿಕರದ ಮಾತು. ನಾವು ಇದನ್ನು ಮೋಸ ಎನ್ನುತ್ತೇವೆ.

ಲೆಕ್ಕ ಹಾಕಿ ನೋಡಿ. ಒಬ್ಬಾಕೆ ಕಾಯಂ ಟೈಲರ್, ಸೇರಿ 4 ವರ್ಷ 2 ತಿಂಗಳಾಗಿದೆ, ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 13,000 ರೂಪಾಯಿ ಅನ್ನೋಣ. ಕೆಲಸ ಬಿಟ್ಟಾಗ ಗ್ರಾಚ್ಯುಟಿ ಸಿಗಬೇಕಾದರೆ 5 ವರ್ಷ ತುಂಬಿರಬೇಕು. ವರ್ಷಕ್ಕೆ 15 ದಿನದ ಸಂಬಳದಂತೆ, ಅಂದರೆ 7,500ರಂತೆ, ಐದು ವರ್ಷಕ್ಕೆ 37,500. ಇಂದು ರಾಜೀನಾಮೆ ಕೊಟ್ಟರೆ ಅದು ಹೋಯಿತು, ಮತ್ತೆ ಸೇರಿದಾಗ ಎಣಿಕೆ ಸೊನ್ನೆಯಿಂದ. ಮಂಜೂರಾದ ರಜೆಯಲ್ಲಿದ್ದರೆ ಸಂಬಳ ಇರುವುದಿಲ್ಲ, ಸೇವೆ ಮಾತ್ರ ಮುರಿಯುವುದಿಲ್ಲ.

ಲೈನಿನಲ್ಲಿ ಮೆಷಿನ್ ಖಾಲಿ ಬೀಳುತ್ತದೆ ಎನ್ನುತ್ತಾರೆ. ರಾಜೀನಾಮೆ ಕೊಟ್ಟರೂ ಖಾಲಿಯೇ ತಾನೆ? ಸಂಬಳವನ್ನೇ ಕೇಳದ ರಜೆಗೆ ಇವರಿಗೆ ಏನು ಕಷ್ಟ?

ಒಂದು ಮಾತು ನೇರವಾಗಿ ಹೇಳಬೇಕು. ಹೆರಿಗೆ ರಜೆಗೆ ಕಾನೂನು ಇದೆ. ತಂದೆತಾಯಿಯ ಆರೈಕೆಗೆ ತಿಂಗಳುಗಟ್ಟಲೆ ರಜೆ ಕೊಡಲೇಬೇಕೆಂಬ ಕಾನೂನು ಖಾಸಗಿ ಕಾರ್ಖಾನೆಗೆ ಇಲ್ಲ. ಅದು ನಾಚಿಕೆಗೇಡು. ಹಾಗಾಗಿ ನಮ್ಮ ಕೈಯಲ್ಲಿರುವುದು ಒಂದು ಪತ್ರ. ಅದನ್ನೂ ನಾವು "ಬಡವಳು, ಕೈಮುಗಿದು ಬೇಡುತ್ತೇನೆ" ಅಂತ ಬರೆದು ಮುಗಿಸುತ್ತೇವೆ. ಕೈಮುಗಿದದ್ದು ಫೈಲಿಗೆ ಬೇಕಿಲ್ಲ, ತಾರೀಖು ಬೇಕು.

ಅವ್ವನಿಗೆ ಗರ್ಭಕಂಠದ ಕ್ಯಾನ್ಸರ್, ರೇಡಿಯೇಷನ್ ವಾರಕ್ಕೆ 5 ದಿನದಂತೆ 5 ವಾರ, ಆಮೇಲೆ ಒಳಗಿನಿಂದ ಕೊಡುವ ರೇಡಿಯೇಷನ್ ಇದೆ ಅನ್ನೋಣ. ಪತ್ರ ಹೀಗಿರಲಿ:

"ನಾನು ಇಂಥ ಲೈನಿನ ಟೈಲರ್, ಟೋಕನ್ ನಂಬರ್ ಇಷ್ಟು, ಸೇರಿದ್ದು ಇಂಥ ದಿನ. ತಾಯಿಗೆ ಕ್ಯಾನ್ಸರ್ ಚಿಕಿತ್ಸೆ ಶುರುವಾಗಿದೆ, ಡಾಕ್ಟರ್ ಪತ್ರ ಲಗತ್ತಿಸಿದ್ದೇನೆ. ಜೊತೆಗಿರಲು ಬೇರೆ ಯಾರೂ ಇಲ್ಲ. ಬಾಕಿ ಇರುವ ಗಳಿಕೆ ರಜೆಯನ್ನು ಮೊದಲು ಹಿಡಿದುಕೊಂಡು, ಉಳಿದದ್ದಕ್ಕೆ ಸಂಬಳರಹಿತ ರಜೆ ಸೇರಿಸಿ, ಇಂಥ ದಿನದಿಂದ ಇಂಥ ದಿನದವರೆಗೆ ಮೂರು ತಿಂಗಳು ಮಂಜೂರು ಮಾಡಿ. ಇಂಥ ದಿನ ಕೆಲಸಕ್ಕೆ ಹಾಜರಾಗುತ್ತೇನೆ. ಇದು ರಾಜೀನಾಮೆ ಅಲ್ಲ. ಉತ್ತರವನ್ನು ಬರಹದಲ್ಲಿ ಕೊಡಿ."

ಎರಡು ಪ್ರತಿ ಮಾಡಿ, ಒಂದರ ಮೇಲೆ ಸಹಿ, ಸೀಲು, ತಾರೀಖು ಹಾಕಿಸಿಕೊಳ್ಳಿ. ತಗೊಳ್ಳದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಸೂಪರ್‌ವೈಸರ್ "ಹೋಗಿ ಬಾ" ಅಂದದ್ದು ಮಂಜೂರಾತಿ ಅಲ್ಲ, ನಾಳೆ ಅವರೇ ಗೈರುಹಾಜರಿ ಅಂತ ಬರೆಯುತ್ತಾರೆ. ಖಾಲಿ ಹಾಳೆಗೆ ಸಹಿ ಕೇಳಿದರೆ ಹಾಕಬೇಡಿ.

ಚಿಕಿತ್ಸೆ ಎಳೆದರೆ, ರಜೆ ಮುಗಿಯುವ ಮೊದಲೇ ಹೊಸ ಡಾಕ್ಟರ್ ಪತ್ರ ಇಟ್ಟು ವಿಸ್ತರಣೆ ಕೇಳಿ. ರಜೆ ಮುಗಿದು 8 ದಿನದೊಳಗೆ ಬಂದು ಕಾರಣ ಹೇಳದಿದ್ದರೆ ಕೆಲಸದ ಮೇಲಿನ ಹಕ್ಕು ಹೋಗುತ್ತದೆ ಎಂಬ ಸಾಲು ಬಹಳ ಕಾರ್ಖಾನೆಗಳ ಸ್ಟ್ಯಾಂಡಿಂಗ್ ಆರ್ಡರ್‌ನಲ್ಲಿದೆ. ಆಸ್ಪತ್ರೆಯ ಓಡಾಟದಲ್ಲಿ ಆ 8 ದಿನ ಕಳೆದದ್ದೇ ಗೊತ್ತಾಗುವುದಿಲ್ಲ.