ಕಿತ್ತೂರಿನ ಖಡ್ಗ, ರಾಮದುರ್ಗದ ಸೆರೆಮನೆ: ‘ಕಾನೂನುಭಂಗ’ ಎಂಬ ಹೆಸರಿನ ದುರ್ಬಳಕೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯ ಇತಿಹಾಸವನ್ನು ಕುರಿತ ಭಾಷಣಗಳಲ್ಲಿಯೂ ಸ್ಮರಣ ಸಂಚಿಕೆಗಳಲ್ಲಿಯೂ ಒಂದು ರೂಢಿ ಬಲವಾಗಿ ಬೇರೂರಿದೆ. ಚೆನ್ನಮ್ಮನ ಯುದ್ಧ, ಸಂಗೊಳ್ಳಿ ರಾಯಣ್ಣನ ಬಂಡಾಯ, ರಾಮದುರ್ಗದ ಪ್ರಜೆಗಳ ಹೋರಾಟ ಇವೆಲ್ಲವನ್ನೂ ಒಂದೇ ಎಳೆಯಲ್ಲಿ ಪೋಣಿಸಿ, ಗಾಂಧಿಯುಗದ ಕಾನೂನುಭಂಗಕ್ಕೆ ಇವೇ ಪೂರ್ವಪೀಠಿಕೆ ಎನ್ನುವುದು ಆ ರೂಢಿ. ಇದು ಗೌರವದಂತೆ ಕಂಡರೂ ವಾಸ್ತವದಲ್ಲಿ ಮೂವರಿಗೂ ಅನ್ಯಾಯ. ಏಕೆಂದರೆ ಯುದ್ಧ, ಕ್ರಾಂತಿ ಮತ್ತು ಸವಿನಯ ಕಾನೂನುಭಂಗಗಳು ತಮ್ಮನ್ನು ಸಮರ್ಥಿಸಿಕೊಳ್ಳುವ ನ್ಯಾಯಗಳೇ ಬೇರೆ ಬೇರೆ. ಒಂದರ ಸಮರ್ಥನೆಯನ್ನು ಇನ್ನೊಂದಕ್ಕೆ ಹೊರಿಸಿದರೆ ಎರಡೂ ದುರ್ಬಲವಾಗುತ್ತವೆ.

ಮೊದಲು ಕಿತ್ತೂರನ್ನು ನೋಡಬೇಕು. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡನು. ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಮಾನ್ಯ ಮಾಡಲಿಲ್ಲ. ಸಂಸ್ಥಾನದ ಭಂಡಾರದ ಮೇಲೆ ಕಂಪನಿಯ ಹಿಡಿತವನ್ನು ಸ್ಥಾಪಿಸಲು ಹೊರಟನು. ಅಕ್ಟೋಬರ್ 23ರಂದು ಕೋಟೆಯ ಮುಂದೆ ಯುದ್ಧವಾಗಿ ಥ್ಯಾಕರೆ ಹತನಾದನು. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಬಿದ್ದಿತು. ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಬಂದಿಯಾಗಿ 1829ರಲ್ಲಿ ಅಲ್ಲಿಯೇ ಮಡಿದಳು. ಇಲ್ಲಿ ನಡೆದದ್ದು ಒಂದು ಕಾಯಿದೆಯ ಉಲ್ಲಂಘನೆಯಲ್ಲ. ಕಿತ್ತೂರಿನ ಉತ್ತರಾಧಿಕಾರವನ್ನು ನಿರ್ಣಯಿಸುವ ಅಧಿಕಾರ ಕಂಪನಿಗೆ ಉಂಟೇ ಎಂಬುದೇ ವಿವಾದವಾಗಿತ್ತು. ಆ ಅಧಿಕಾರವನ್ನೇ ಒಪ್ಪದವಳು ಅದರ ಕಾಯಿದೆಯನ್ನು ‘ಭಂಗ’ ಮಾಡಿದಳೆನ್ನುವುದು ಕಂಪನಿಯ ವಾದವನ್ನು ಒಪ್ಪಿಕೊಂಡಂತೆ. ಕಪ್ಪ ಕೊಡುವುದಿಲ್ಲವೆಂಬ ಘೋಷಣೆಯೇ ಯುದ್ಧದ ಕಾರಣವೆಂದು ನಾಟಕ, ಸಿನಿಮಾಗಳು ಜನಮನದಲ್ಲಿ ನೆಲೆಗೊಳಿಸಿದ್ದರಿಂದ ಅದು ಕರನಿರಾಕರಣೆಯ ಚಳವಳಿಯಂತೆ ತೋರುತ್ತದೆ. ವಾಸ್ತವದಲ್ಲಿ ಅದು ತನ್ನನ್ನು ಸ್ವತಂತ್ರವೆಂದು ಭಾವಿಸಿದ ಸಂಸ್ಥಾನವೊಂದರ ಆತ್ಮರಕ್ಷಣೆ. ಅದನ್ನು ಅಳೆಯಬೇಕಾದದ್ದು ಧರ್ಮಯುದ್ಧದ ಅಳತೆಗೋಲಿನಿಂದ.

ರಾಯಣ್ಣನ ಮಾತು ಬೇರೆ. ಸಂಸ್ಥಾನ ಬಿದ್ದ ಮೇಲೆ ಅವನು ಸರ್ಕಾರಿ ಕಚೇರಿಗಳನ್ನು ಸುಟ್ಟನು, ಖಜಾನೆಗಳನ್ನು ಲೂಟಿ ಮಾಡಿದನು, ದತ್ತುಪುತ್ರನನ್ನು ಗಾದಿಗೆ ತರಲು ಹೋರಾಡಿದನು. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಆಳುವವರ ಕಾಯಿದೆ ಅವನನ್ನು ಅಪರಾಧಿಯೆಂದು ಶಿಕ್ಷಿಸಿತು. ಲಾವಣಿಕಾರರು ವೀರನೆಂದು ಹಾಡಿದರು. ಆದರೆ ಅವನು ಸಾಮಾನ್ಯ ಅಪರಾಧಿಯೂ ಅಲ್ಲ, ಸತ್ಯಾಗ್ರಹಿಯೂ ಅಲ್ಲ. ಲೂಟಿಕೋರ ತನಗಾಗಿ ಕದಿಯುತ್ತಾನೆ, ಉಳಿದವರೆಲ್ಲ ಕಾಯಿದೆಗೆ ಬದ್ಧರಾಗಿರಲಿ ಎಂದೇ ಬಯಸುತ್ತಾನೆ. ರಾಯಣ್ಣ ಆಳ್ವಿಕೆಯನ್ನೇ ಬದಲಿಸಲು ಹೊರಟನು. ಆದುದರಿಂದ ತಪ್ಪಿಸಿಕೊಳ್ಳುವುದು, ಹೊಂಚುಹಾಕುವುದು, ಶಿಕ್ಷೆಗೆ ಸಿಗದಿರುವುದು ಅವನ ಪಾಲಿಗೆ ದೋಷವಲ್ಲ, ಯುದ್ಧನೀತಿ. ಶಿಕ್ಷೆಯನ್ನು ಸ್ವಯಂ ಸ್ವೀಕರಿಸಬೇಕೆಂಬ ಗಾಂಧಿಯ ನಿಯಮವನ್ನು ಅವನ ಮೇಲೆ ಹೇರುವುದು ಅಸಂಗತ.

ಹಾಗಾದರೆ ಸವಿನಯ ಕಾನೂನುಭಂಗ ಯಾವುದು? ಉತ್ತರ ಕನ್ನಡದ ಅಂಕೋಲೆಯಲ್ಲಿ ಅದರ ಸ್ಪಷ್ಟ ಚಿತ್ರವಿದೆ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಅಲ್ಲಿ ಉಪ್ಪಿನ ಕಾಯಿದೆಯನ್ನು ಬಹಿರಂಗವಾಗಿ ಮುರಿಯಲಾಯಿತು. ಅದೇ ಕರಾವಳಿಯಲ್ಲಿ ಸುಂಕ ತಪ್ಪಿಸಲು ರಾತ್ರಿ ಉಪ್ಪು ಸಾಗಿಸುವವನನ್ನು ಊಹಿಸಿಕೊಳ್ಳಬಹುದು. ಇಬ್ಬರೂ ಮುರಿದದ್ದು ಒಂದೇ ಕಾಯಿದೆ. ಆದರೆ ಒಬ್ಬನಿಗೆ ಕತ್ತಲು ಬೇಕು, ಇನ್ನೊಬ್ಬರಿಗೆ ಜನರ ಕಣ್ಣು ಬೇಕು. ಒಬ್ಬನು ದಂಡ ತಪ್ಪಿಸಿಕೊಳ್ಳಲು ಓಡುತ್ತಾನೆ, ಇನ್ನೊಬ್ಬರು ಬಂಧನವನ್ನು ಎದುರು ನೋಡುತ್ತಾರೆ. ತನಗೊಂದು ವಿನಾಯಿತಿ ಬೇಕೆಂದಲ್ಲ, ಕಾಯಿದೆಯೇ ಎಲ್ಲರಿಗೂ ಬದಲಾಗಬೇಕೆಂಬ ಮನವಿಗೆ ಶಿಕ್ಷೆಯ ಸ್ವೀಕಾರವೇ ಪ್ರಮಾಣ. 1922ರ ಮಾರ್ಚ್ 18ರಂದು ಅಹಮದಾಬಾದಿನಲ್ಲಿ ಗಾಂಧಿ ನ್ಯಾಯಾಧೀಶ ಬ್ರೂಮ್‌ಫೀಲ್ಡರ ಮುಂದೆ ತಪ್ಪೊಪ್ಪಿಕೊಂಡು ಅತ್ಯಧಿಕ ದಂಡವನ್ನೇ ಕೇಳಿದ್ದರ ತರ್ಕವೂ ಇದೇ.

ಇಲ್ಲಿ ಒಂದು ಆಕ್ಷೇಪ ನಿಲ್ಲುತ್ತದೆ. 1971ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಜಾನ್ ರಾಲ್ಸ್, ಸವಿನಯ ಕಾನೂನುಭಂಗವು ಬಹುಮಟ್ಟಿಗೆ ನ್ಯಾಯಯುತವಾದ ಸಮಾಜದಲ್ಲಿ, ಕಾನೂನಿನ ಬಗೆಗಿನ ನಿಷ್ಠೆಯ ಮಿತಿಯೊಳಗೆ ನಡೆಯುವ ಕ್ರಿಯೆ ಎಂದು ನಿರೂಪಿಸಿದರು. ವಸಾಹತು ಸರ್ಕಾರಕ್ಕೆ ಗಾಂಧಿ ಅಂತಹ ನಿಷ್ಠೆಯನ್ನು ತೋರಲೇ ಇಲ್ಲ. ಆ ಸರ್ಕಾರದ ಬಗ್ಗೆ ಅಪ್ರೀತಿ ಹುಟ್ಟಿಸುವುದು ಧರ್ಮವೆಂದೇ ಅವರು ನ್ಯಾಯಾಲಯದಲ್ಲಿ ವಾದಿಸಿದರು. ಹಾಗಾದರೆ ಅವರೂ ಕ್ರಾಂತಿಕಾರಿಯಲ್ಲವೇ? ಗುರಿಯಲ್ಲಿ ಹೌದು, ಉಪಾಯದಲ್ಲಿ ಅಲ್ಲ. ಅವರ ನಿಷ್ಠೆ ಆಳುವವರಿಗಲ್ಲ, ನಾಗರಿಕರು ಪರಸ್ಪರ ಕೊಲ್ಲದೆ ಬಾಳಬೇಕೆಂಬ ಕಟ್ಟಿಗೆ. ರಾಲ್ಸರ ವ್ಯಾಖ್ಯೆಯನ್ನು ಬೆಳಗಾವಿ ಸೀಮೆಗೆ ಹಾಗೆಯೇ ತಂದು ಇರಿಸುವ ವಿದ್ಯಾರ್ಥಿ ಈ ಭೇದವನ್ನು ಗಮನಿಸಬೇಕು.

ಈ ಭೇದದ ನಿಜವಾದ ಪರೀಕ್ಷೆ ನಡೆದದ್ದು ರಾಮದುರ್ಗದಲ್ಲಿ. ನೆರೆಯ ಸವದತ್ತಿ ಬ್ರಿಟಿಷ್ ಆಳ್ವಿಕೆಯ ಬೆಳಗಾವಿ ಜಿಲ್ಲೆಗೆ ಸೇರಿತ್ತು, ರಾಮದುರ್ಗ ಸಂಸ್ಥಾನವಾಗಿತ್ತು. 1938ರ ಹರಿಪುರ ಅಧಿವೇಶನದಲ್ಲಿ ಕಾಂಗ್ರೆಸ್ಸು, ಸಂಸ್ಥಾನಗಳೊಳಗಿನ ಹೋರಾಟವನ್ನು ಅಲ್ಲಿಯ ಪ್ರಜೆಗಳು ತಮ್ಮ ಸಂಘಟನೆಗಳ ಮೂಲಕವೇ ನಡೆಸಬೇಕೆಂದು ನಿರ್ಧರಿಸಿತು. ಹೀಗಾಗಿ ತರಬೇತಾದ ಸತ್ಯಾಗ್ರಹಿಗಳ ಬೆಂಬಲವಿಲ್ಲದೆ, ಹೊಸದಾಗಿ ಕಟ್ಟಿದ ಪ್ರಜಾಸಂಘದ ಮೇಲೆ ಇಡೀ ಭಾರ ಬಿದ್ದಿತು. ಬೇಡಿಕೆಗಳು ನ್ಯಾಯವಾಗಿದ್ದವು, ಸಂಘದ ಹೆಸರು ಬಹಿರಂಗವಾಗಿತ್ತು. ಅಷ್ಟರ ಮಟ್ಟಿಗೆ ಅದು ಸವಿನಯವೇ. ಆದರೆ 1939ರ ಏಪ್ರಿಲ್ 7ರಂದು, ನಾಯಕರ ಬಂಧನದಿಂದ ಕೆರಳಿದ ಜನಸಮೂಹ ಸೆರೆಮನೆಗೆ ನುಗ್ಗಿತು, ಪೊಲೀಸರು ಹತರಾದರು.

ಸೆರೆಮನೆ ಸತ್ಯಾಗ್ರಹಿಯ ಗುರಿಯಾಗಬೇಕಾದ ಸ್ಥಳ. ಜನರು ಅದನ್ನು ಒಡೆದು ತಮ್ಮವರನ್ನು ಬಿಡಿಸಲು ಹೋದರು. ಈ ಒಂದು ತಿರುವಿನಲ್ಲಿ ಹೋರಾಟದ ಜಾತಿಯೇ ಬದಲಾಯಿತು. ದಂಡವನ್ನು ಸ್ವೀಕರಿಸುವ ಕ್ರಮ ಬಿಟ್ಟು ಬಲದಿಂದ ದಂಡವನ್ನು ನಿವಾರಿಸುವ ಕ್ರಮ ಬಂದಿತು. ಅದನ್ನು ಸಮರ್ಥಿಸುವವರು ಬಂಡಾಯದ ನ್ಯಾಯವನ್ನು ಹೇಳಬೇಕು, ಸವಿನಯತೆಯ ನ್ಯಾಯವನ್ನು ಹೇಳುವಂತಿಲ್ಲ. ಆದರೆ ಬಂಡಾಯವೆನ್ನಲು ಬೇಕಾದ ಸಿದ್ಧತೆಯಾಗಲಿ ಪರ್ಯಾಯ ಆಳ್ವಿಕೆಯ ಕಲ್ಪನೆಯಾಗಲಿ ಅಲ್ಲಿರಲಿಲ್ಲ. ಹಾಗೆಂದು ಅದನ್ನು ಪುಂಡರ ದೊಂಬಿಯೆಂದು ತಳ್ಳಿಹಾಕುವುದೂ ತಪ್ಪು. ಅಹವಾಲು ಹೇಳಿಕೊಂಡ ನಾಯಕರನ್ನೇ ಬಂಧಿಸಿದ ಆಳ್ವಿಕೆಗೆ ಹೊಣೆಯಿಲ್ಲವೇ? ಹೊಣೆಯ ಪಾಲು ಎರಡೂ ಕಡೆಗೆ ಸಲ್ಲುತ್ತದೆ. ಆದರೆ ಬಂಧನದ ನಂತರ ಜನರನ್ನು ತಡೆದು ನಿಲ್ಲಿಸಬಲ್ಲ ಎರಡನೆಯ ಸಾಲಿನ ನಾಯಕತ್ವ ಇರಲಿಲ್ಲವೆಂಬುದೇ ಚಳವಳಿಯ ಒಳಗಿನ ಕೊರತೆ. 1922ರಲ್ಲಿ ಚೌರಿಚೌರದ ನಂತರ ಗಾಂಧಿ ಇಡೀ ಚಳವಳಿಯನ್ನು ನಿಲ್ಲಿಸಿದ್ದು ಇದನ್ನು ಅರಿತೇ.

ವಿಧಾನಸಭೆಯಿಲ್ಲದ, ಪತ್ರಿಕೆಯಿಲ್ಲದ ಸಂಸ್ಥಾನದಲ್ಲಿ ಅಹಿಂಸೆಯನ್ನು ಬೇಡುವುದು ಸುಖಿಗಳ ಉಪದೇಶವೆನ್ನುವವರಿದ್ದಾರೆ. ಮಾತಿನಲ್ಲಿ ತಥ್ಯವಿದೆ. ಬಹುಶಃ ಅಂತಹ ಕಡೆ ಕ್ರಾಂತಿಯೇ ನ್ಯಾಯವಾಗಿರಬಹುದು. ಹಾಗಿದ್ದರೆ ಅದನ್ನು ಕ್ರಾಂತಿಯೆಂದೇ ಕರೆದು, ರಾಯಣ್ಣನಂತೆ ಅದರ ಬೆಲೆಯನ್ನೂ ತೆರಬೇಕು. ಪೊಲೀಸರ ಹತ್ಯೆಯ ಮೇಲೆ ಸತ್ಯಾಗ್ರಹದ ಹೊದಿಕೆ ಹೊದಿಸುವವರು ಗಾಂಧಿಯನ್ನೂ ಓದಿಲ್ಲ, ರಾಯಣ್ಣನನ್ನೂ ಅರಿತಿಲ್ಲ. ಚೆನ್ನಮ್ಮನಿಗೆ ರಾಜ್ಯದ ಹೆಸರು, ರಾಯಣ್ಣನಿಗೆ ಕ್ರಾಂತಿಯ ಹೆಸರು, ರಾಮದುರ್ಗಕ್ಕೆ ದಾರಿ ತಪ್ಪಿದ ಸತ್ಯಾಗ್ರಹದ ಹೆಸರು: ಇವನ್ನು ಬೇರೆಬೇರೆಯಾಗಿ ಹೇಳಬಲ್ಲ ಇತಿಹಾಸವೇ ಆ ಸೀಮೆಗೆ ಸಲ್ಲುವ ಗೌರವ.