‘ನೆರಳಿನಲ್ಲಿ ಒಣಗಿಸಿ’ ಎಂಬ ಜಾರಿಕೆಯ ಮಾತು

ಕಳೆದ ವರ್ಷ ಬಟ್ಟೆ ಕಂಪನಿಯೊಂದರ ಲೇಬಲ್‌ಗಳನ್ನು ಕನ್ನಡಕ್ಕೆ ತರುವ ಕೆಲಸ ಬಂತು. ಬಿಳಿ ಹತ್ತಿ ಪಂಚೆ, ರೇಷ್ಮೆ ಸೀರೆ, ಪಾಲಿಯೆಸ್ಟರ್ ಅಂಗಿ, ಮೂರಕ್ಕೂ ಒಂದೇ ಸಾಲು: ನೆರಳಿನಲ್ಲಿ ಒಣಗಿಸಿ. ಅನುವಾದಿಸಿ ಕೊಟ್ಟೆ. ಆದರೆ ಆ ಸಾಲು ಪಂಚೆಯ ಮಟ್ಟಿಗೆ ತಪ್ಪು, ಪಾಲಿಯೆಸ್ಟರ್ ಮಟ್ಟಿಗೆ ಬಹುಪಾಲು ಅನಗತ್ಯ, ಸೀರೆಯ ಮಟ್ಟಿಗೆ ಮಾತ್ರ ನಿಜ.

‘ಬಿಸಿಲಿಗೆ ಬಟ್ಟೆ ಹಾಳಾಯಿತು’ ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಅಲ್ಲಿ ನಡೆಯುವುದು ಮೂರು ಬೇರೆ ಬೇರೆ ಕೆಲಸ. ಬಣ್ಣ ಹೋಗುವುದು ಒಂದು, ನೂಲು ಸಾಯುವುದು ಇನ್ನೊಂದು, ಬೆಳ್ಳಗಾಗುವುದು ಮತ್ತೊಂದು. ಯಾವುದು ಎಷ್ಟು ನಡೆಯುತ್ತದೆ ಎಂಬುದನ್ನು ಬಿಸಿಲೊಂದೇ ನಿರ್ಧರಿಸುವುದಿಲ್ಲ, ನೂಲು ಮತ್ತು ಬಣ್ಣವೂ ನಿರ್ಧರಿಸುತ್ತವೆ.

ಬಿಳಿ ಹತ್ತಿಯನ್ನೇ ನೋಡಿ. ಪಂಚೆಯ ಮೇಲೆ ಸಾರು ಚೆಲ್ಲಿ ಅರಿಶಿನದ ಕಲೆಯಾಯಿತು ಎನ್ನಿ. ಸೋಪು ಹಚ್ಚಿದರೆ ಅದು ಕೆಂಪಗಾಗುತ್ತದೆ; ಸೋಪಿನ ಕ್ಷಾರಕ್ಕೆ ಅರಿಶಿನ ಹಾಗೆ ಬಣ್ಣ ಬದಲಿಸುತ್ತದೆ. ಗಾಬರಿಯಾಗದೆ ಚೆನ್ನಾಗಿ ಜಾಲಿಸಿ, ಒದ್ದೆಯಿರುವಾಗಲೇ ಬಿಸಿಲಿಗೆ ಹರವಿ. ಅರಿಶಿನದ ಬಣ್ಣ ಬೆಳಕಿಗೆ ಬೇಗ ಒಡೆಯುವಂಥದ್ದು, ಹಾಗಾಗಿ ಕಲೆ ಮಸುಕಾಗುತ್ತ ಹೋಗುತ್ತದೆ. ಹತ್ತಿಯ ಸೆಲ್ಯುಲೋಸ್ ತಾನಾಗಿ ಈ ಬೆಳಕನ್ನು ಹೆಚ್ಚು ಹೀರುವುದಿಲ್ಲ, ಆದ್ದರಿಂದ ಬಟ್ಟೆಗೆ ಅಷ್ಟರಲ್ಲಿ ಆಗುವ ನಷ್ಟ ಅಲ್ಪ. ಒಣಗಿದ ಮೇಲೂ ದಿನಗಟ್ಟಲೆ ಅಲ್ಲೇ ಬಿಟ್ಟರೆ ಮಾತ್ರ ಹತ್ತಿಯ ನೂಲೂ ನಿಧಾನವಾಗಿ ಸೋಲುತ್ತದೆ. ಈ ಪಂಚೆಗೆ ನೆರಳನ್ನು ವಿಧಿಸುವವರು ಬಿಟ್ಟಿ ಸಿಗುವ ಬ್ಲೀಚನ್ನು ಬೇಡವೆನ್ನುತ್ತಿದ್ದಾರೆ.

ಅದೇ ಬಿಸಿಲಿಗೆ ಬಿಳಿ ರೇಷ್ಮೆ ಹಾಕಿದರೆ ಅದು ಹಳದಿಯಾಗುತ್ತದೆ. ರೇಷ್ಮೆ ಪ್ರೋಟೀನು. ಅದರಲ್ಲಿರುವ ಟೈರೊಸಿನ್, ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲಗಳು ನೇರಳಾತೀತ ಬೆಳಕನ್ನು ತಾವೇ ಹೀರಿಕೊಂಡು ಹಳದಿ ವಸ್ತುಗಳಾಗುತ್ತವೆ, ಜೊತೆಗೆ ನೂಲಿನ ಸರಪಳಿಯೂ ತುಂಡಾಗುತ್ತದೆ. ಬಣ್ಣದ ಸೀರೆಯಲ್ಲಿ ಈ ಹಳದಿ ಕಾಣುವುದಿಲ್ಲ, ಅಪಾಯ ಅಲ್ಲಿರುವುದು. ಮುಗ್ಗಲು ವಾಸನೆ ಹೋಗಲಿ ಎಂದು ನಮ್ಮಮ್ಮ ಮದುವೆ ಸೀರೆಯನ್ನು ಪ್ರತಿವರ್ಷ ಮಡಿಕೆಯಲ್ಲೇ ಪುಣೆಯ ಬಾಲ್ಕನಿಯಲ್ಲಿ ಬಿಸಿಲಿಗಿಡುತ್ತಿದ್ದರು. ಬಣ್ಣ ಚೆನ್ನಾಗಿಯೇ ಇತ್ತು. ಒಂದು ದಿನ ಉಡಲು ಬಿಡಿಸಿದಾಗ ಬಿಸಿಲು ತಾಗುತ್ತಿದ್ದ ಮಡಿಕೆಯ ಸಾಲಿನಲ್ಲೇ ಉದ್ದಕ್ಕೆ ಪಿಸಿಯಿತು. ವಾಸನೆಗೆ ಬೇಕಿದ್ದದ್ದು ಗಾಳಿ, ಬಿಸಿಲಲ್ಲ.

ಸಿಂಥೆಟಿಕ್ ಎಂಬುದೂ ಒಂದೇ ಜಾತಿಯಲ್ಲ. ಪಾಲಿಯೆಸ್ಟರ್ ಬಿಸಿಲನ್ನು ಚೆನ್ನಾಗಿ ತಾಳುತ್ತದೆ, ನೈಲಾನ್ ಅಷ್ಟು ತಾಳದು. ಬಟ್ಟೆ ಹರವಲು ಕಟ್ಟಿದ ಅಗ್ಗದ ಪ್ಲಾಸ್ಟಿಕ್ ಹಗ್ಗ ಕೈಗೆ ಪುಡಿಪುಡಿಯಾಗಿ ಅಂಟುವುದನ್ನು ನೀವು ಕಂಡಿರುತ್ತೀರಿ. ಅದರ ಮೇಲೆ ಒಣಗಿದ ಪಾಲಿಯೆಸ್ಟರ್ ಅಂಗಿ ಮಾತ್ರ ಗಟ್ಟಿಯಾಗಿಯೇ ಇರುತ್ತದೆ.

‘ಬಣ್ಣದ ಬಟ್ಟೆಗಾದರೂ ನೆರಳು ಬೇಕಲ್ಲ’ ಎನ್ನಬಹುದು. ಹೌದು, ನಾನೂ ಕಡುನೀಲಿ ಹತ್ತಿ ಅಂಗಿಯನ್ನು ಒಳಹೊರಗು ಮಾಡಿಯೇ ಹರವುತ್ತೇನೆ. ಆದರೆ ಬಣ್ಣ ಹೋದದ್ದು ಯಾರ ತಪ್ಪು? ಕಾಲರ್ ಎತ್ತಿ ಅದರ ಅಡಿಯನ್ನು ನೋಡಿ. ಮೇಲೂ ಅಡಿಯೂ ಸಮನಾಗಿ ಮಾಸಿದ್ದರೆ ಒಗೆತದಲ್ಲಿ ಹೋದದ್ದು. ಅಂಚು, ಮಡಿಕೆಗಳು ಮಾತ್ರ ಬೆಳ್ಳಗಾಗಿದ್ದರೆ ಉಜ್ಜಿ ಹೋದದ್ದು. ಅಡಿ ಕಡುನೀಲಿಯಾಗಿಯೇ ಇದ್ದು ಮೇಲ್ಮೈ, ಹೆಗಲು ಮಾಸಿದ್ದರೆ ಅದು ಬೆಳಕಿನ ಕೆಲಸ.

ಬಣ್ಣ ಬೆಳಕಿಗೆ ಎಷ್ಟು ತಾಳುತ್ತದೆ ಎಂಬುದು ತಯಾರಕರಿಗೆ ಗೊತ್ತಾಗದ ಗುಟ್ಟೇನಲ್ಲ. ಅದಕ್ಕೊಂದು ಹಳೆಯ ಪರೀಕ್ಷೆ ಇದೆ. ನೀಲಿ ಬಣ್ಣ ಹಾಕಿದ ಎಂಟು ಉಣ್ಣೆ ಪಟ್ಟಿಗಳಿರುತ್ತವೆ. 1ನೆಯದು ಬಹುಬೇಗ ಮಾಸುತ್ತದೆ, 8ನೆಯದು ಬಹಳ ನಿಧಾನವಾಗಿ. ಬಟ್ಟೆಯ ತುಂಡನ್ನೂ ಈ ಪಟ್ಟಿಗಳನ್ನೂ ಅರ್ಧ ಮುಚ್ಚಿ ಒಟ್ಟಿಗೆ ಬೆಳಕಿಗೊಡ್ಡುತ್ತಾರೆ. ತುಂಡು ಯಾವ ಪಟ್ಟಿಯಷ್ಟು ಮಾಸಿತೋ ಅದೇ ಅದರ ಅಂಕ. 3 ಬಂದ ಬಟ್ಟೆಗೂ 6 ಬಂದ ಬಟ್ಟೆಗೂ ಅಜಗಜಾಂತರ, ಏಕೆಂದರೆ ಪ್ರತಿ ಮೆಟ್ಟಿಲಿಗೆ ತಾಳಿಕೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ.

ಲೇಬಲ್‌ನಲ್ಲಿ ಈ ಅಂಕೆಗೆ ಜಾಗವಿಲ್ಲ, ‘ನೆರಳಿನಲ್ಲಿ ಒಣಗಿಸಿ’ ಎಂಬುದಕ್ಕೆ ಇದೆ. 3 ಅಂಕದ ಬಣ್ಣ ಹಾಕಿದವರ ಹೊಣೆ ಆ ಒಂದು ಸಾಲಿನಿಂದ ನಮ್ಮ ತಲೆಗೆ ಬರುತ್ತದೆ: ಅಂಗಿ ಮಾಸಿದರೆ ಬಿಸಿಲಿಗೆ ಹಾಕಿದ ನೀವೇ ತಪ್ಪಿತಸ್ಥರು. ಎಲ್ಲಕ್ಕೂ ಅದನ್ನೇ ಬರೆದದ್ದರಿಂದ ಇನ್ನೂ ಕೆಟ್ಟದ್ದೊಂದು ಆಗಿದೆ. ಪಂಚೆಯ ಮೇಲೆ ಅದನ್ನು ಓದಿ ನಕ್ಕು ಬಿಸಿಲಿಗೆ ಹಾಕಿ ಗೆದ್ದವರು, ಸೀರೆಯ ಮೇಲಿದ್ದಾಗಲೂ ನಗುತ್ತಾರೆ.

ಮುಂದಿನ ಸಲ ಆ ಸಾಲು ಅನುವಾದಕ್ಕೆ ಬಂದರೆ ಪಕ್ಕದಲ್ಲಿ ಎರಡು ಪ್ರಶ್ನೆ ಬರೆದು ಕಳಿಸುತ್ತೇನೆ: ಇದು ಯಾವ ನೂಲು? ಬೆಳಕಿಗೆ ಇದರ ಅಂಕ ಎಷ್ಟು? ಅಂಗಡಿಯಲ್ಲಿ ನೀವೂ ಇದನ್ನೇ ಕೇಳಿ.